ಲೆಡ್ಜರ್ ಪುಟದ ಫೋಟೋದಲ್ಲಿ ಶಿಲ್ಕು ಕಾಣುತ್ತಿಲ್ಲ, ತಾಳೆ ಪಟ್ಟಿ ಪೂರ್ತಿ ಮಾಡುವುದು ಹೇಗೆ?

ಕಡತದ ಹುಳು

ಎಲ್ಲರಿಗೂ ನಮಸ್ಕಾರ. ಅಕೌಂಟ್ಸ್ ಕಲಿಯಲು ಶುರು ಮಾಡಿ ನಾಲ್ಕು ತಿಂಗಳಾಯಿತು. ಕ್ಲಾಸಿನಲ್ಲಿ ಕೈಬರಹದ ಲೆಡ್ಜರ್ ಪುಟಗಳ ಫೋಟೋ ಕೊಟ್ಟು, ಜೊತೆಗೆ ಅರ್ಧ ತಯಾರಾದ ತಾಳೆ ಪಟ್ಟಿಯ ಹಾಳೆಯನ್ನೂ ಕೊಟ್ಟು, ತಪ್ಪು ಹುಡುಕಿ ಪೂರ್ತಿ ಮಾಡಿ ತನ್ನಿ ಎಂದಿದ್ದಾರೆ. ಡೆಟರ್ಸ್ ಖಾತೆಯ ಪುಟದಲ್ಲಿ ಕೆಳಗಿನ ಬಲ ಮೂಲೆಗೆ ಫೋಟೋ ತೆಗೆದವರ ಕೈ ನೆರಳು ಬಿದ್ದಿದೆ. ಶಿಲ್ಕು ಬರೆದ ಸಾಲು ಪೂರ್ತಿ ಕಪ್ಪು. ತಾಳೆ ಪಟ್ಟಿಯಲ್ಲೂ ಆ ಜಾಗ ಖಾಲಿ ಬಿಟ್ಟಿದ್ದಾರೆ.

ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೇ:

ಡೆಬಿಟ್ ಕಡೆ
ನಗದು 8,400
ಬ್ಯಾಂಕ್ 36,100
ಡೆಟರ್ಸ್ (ಖಾಲಿ)
ಆರಂಭದ ದಾಸ್ತಾನು 38,000
ಖರೀದಿ 1,52,000
ಪೀಠೋಪಕರಣ 40,000
ಬಾಡಿಗೆ 18,000
ಸಂಬಳ 36,000
ಡ್ರಾಯಿಂಗ್ಸ್ 12,000
ಕೊಟ್ಟ ಡಿಸ್ಕೌಂಟ್ 1,500
ಮಾರಾಟ ವಾಪಸ್ 4,500
ಖರೀದಿ ವಾಪಸ್ 3,200

ಕ್ರೆಡಿಟ್ ಕಡೆ
ಬಂಡವಾಳ 1,00,000
ಕ್ರೆಡಿಟರ್ಸ್ 43,500
ಮಾರಾಟ 2,40,000
ಪಡೆದ ಡಿಸ್ಕೌಂಟ್ 1,300

ನಾನು ಮಾಡಿದ್ದು ಇಷ್ಟೇ. ಕ್ರೆಡಿಟ್ ಕಡೆಯ ಮೊತ್ತ 3,84,800. ಡೆಟರ್ಸ್ ಬಿಟ್ಟು ಡೆಬಿಟ್ ಕಡೆ 3,49,700. ಹಾಗಾದರೆ ಡೆಟರ್ಸ್ 35,100 ಅಲ್ವಾ? ಎರಡೂ ಕಡೆ ಸರಿಹೋಯಿತು. ಆದರೆ ಮೇಷ್ಟ್ರು ನೋಡಿ ಸುಮ್ನೆ ನಕ್ಕು ವಾಪಸ್ ಕೊಟ್ಟರು. ಎಲ್ಲಿ ತಪ್ಪಿದೆ?

ಸಂಜೆ ಕಾಲೇಜು

ಖರೀದಿ ವಾಪಸ್ ಡೆಬಿಟ್ ಕಡೆ ಯಾಕಿದೆ ಗುರು? ಅದು ಕ್ರೆಡಿಟ್‌ಗೆ ಬರಬೇಕು. ಆ ಕಡೆಗೆ ಹಾಕಿ ಮತ್ತೆ ಕಳೆಯಿರಿ. ಕ್ರೆಡಿಟ್ 3,88,000, ಡೆಬಿಟ್ 3,46,500, ಡೆಟರ್ಸ್ 41,500. ಮುಗಿಯಿತು.

ಹಳೇ ಪೆನ್ಸಿಲ್

ಖರೀದಿ ವಾಪಸ್ ಬಗ್ಗೆ ಹೇಳಿದ್ದು ಸರಿ. ಆಮೇಲೆ ಮಾಡಿದ್ದು ಮಾತ್ರ ಕಡತದ ಹುಳು ಮಾಡಿದ ತಪ್ಪೇ.

ಕಾಣದ ಅಂಕಿಯನ್ನು ವ್ಯತ್ಯಾಸದಿಂದ ತುಂಬಿದರೆ ಪಟ್ಟಿ ಯಾವತ್ತೂ ತಾಳೆ ಆಗುತ್ತದೆ. ತಾಳೆ ಆಗಲಿ ಎಂದೇ ತಾನೇ ಆ ಅಂಕಿ ಹುಟ್ಟಿದ್ದು. ಉಳಿದ ಹದಿನೈದು ಸಾಲಿನಲ್ಲಿ ಏನೇನು ತಪ್ಪಿದೆಯೋ ಅಷ್ಟೂ ಆ ಒಂದು ಖಾಲಿ ಜಾಗದೊಳಗೆ ಹೋಗಿ ಅಡಗಿ ಕೂರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಮೊದಲು 35,100 ಬಂತು, ಒಂದು ಸಾಲು ಆ ಕಡೆ ಹಾಕಿದ ಕೂಡಲೇ 41,500 ಆಯಿತು. ಗಿರಾಕಿಗಳು ಕೊಡಬೇಕಾದ ಹಣ ನಾವು ಖರೀದಿ ವಾಪಸ್ಸನ್ನು ಎಲ್ಲಿ ಬರೆದೆವು ಅನ್ನುವುದರ ಮೇಲೆ ಬದಲಾಗುತ್ತದೆಯೇ?

ಅದಕ್ಕೇ ತಾಳೆ ಪಟ್ಟಿ ಮುಚ್ಚಿಡಿ. ಡೆಟರ್ಸ್ ಪುಟದಿಂದಲೇ ಶಿಲ್ಕು ತೆಗೆಯಿರಿ. ನೆರಳು ಬಿದ್ದಿರುವುದು ಶಿಲ್ಕಿನ ಸಾಲಿನ ಮೇಲೆ ಮಾತ್ರ, ಮೇಲಿನ ನಮೂದುಗಳು ಕಾಣುತ್ತವಲ್ಲ? ಅವನ್ನು ಇಲ್ಲಿ ಹಾಕಿ.

ಮಳೆ ನಿಂತ ಮೇಲೆ

ಬ್ಯಾಂಕ್ ಶಿಲ್ಕು ಪಾಸ್‌ಬುಕ್ ಜೊತೆ ಹೊಂದುತ್ತಿಲ್ಲ ಅಂದರೆ ಸಾಮಾನ್ಯವಾಗಿ ಚೆಕ್ ಇನ್ನೂ ಪಾಸ್ ಆಗಿರುವುದಿಲ್ಲ ಸರ್. ಒಂದು ವಾರ ಬಿಟ್ಟು ನೋಡಿ, ತಾನಾಗಿ ಸರಿಹೋಗುತ್ತದೆ. ನನಗೂ ಹೀಗೇ ಆಗಿತ್ತು.

ಹಳೇ ಪೆನ್ಸಿಲ್

@ಮಳೆ ನಿಂತ ಮೇಲೆ, ಅದು ಬೇರೆ ಲೆಕ್ಕ. ಇಲ್ಲಿ ಪಾಸ್‌ಬುಕ್ ಇಲ್ಲವೇ ಇಲ್ಲ, ನಮ್ಮದೇ ಪುಸ್ತಕದ ಎರಡು ಕಡೆ ಸರಿಹೊಂದಬೇಕು. ಒಂದು ವಾರ ಕಾದರೆ ಹಾಳೆಗೆ ಒಂದು ವಾರ ವಯಸ್ಸಾಗುತ್ತದೆ ಅಷ್ಟೇ.

ಕಡತದ ಹುಳು

ಥ್ಯಾಂಕ್ಸ್ ಸರ್. ಡೆಟರ್ಸ್ ಪುಟದಲ್ಲಿ ಇರುವುದು ಇದು. ಎಡಗಡೆ ಆರಂಭದ ಶಿಲ್ಕು 32,000. ಆಮೇಲೆ ಮೂರು ಮಾರಾಟ: 24,000, 18,700, ಮೂರನೆಯದು 21,300 ಅಥವಾ 27,300. ಎರಡನೇ ಅಂಕಿಯ ಮೇಲೆ ಶಾಯಿ ಹರಡಿದೆ, ಎಷ್ಟು ದೊಡ್ಡದು ಮಾಡಿದರೂ ಗೊತ್ತಾಗುತ್ತಿಲ್ಲ. ಬಲಗಡೆ ಬ್ಯಾಂಕ್ 26,000, ಡಿಸ್ಕೌಂಟ್ 1,500, ಮಾರಾಟ ವಾಪಸ್ 4,500, ಮತ್ತೆ ಬ್ಯಾಂಕ್ 18,000. ಅದರ ಕೆಳಗೆ ನೆರಳು.

ಸಂಜೆ ಕಾಲೇಜು

ನಾನೂ ಫೋಟೋ ನೋಡಿದೆ. ಅದು 7 ಅಂತಲೇ ಕಾಣುತ್ತದೆ, ಮೇಲೆ ಅಡ್ಡಗೆರೆ ಇದೆ. ಹಾಗಾದರೆ ಎಡಗಡೆ 1,02,000, ಬಲಗಡೆ 50,000, ಶಿಲ್ಕು 52,000.

ಹಳೇ ಪೆನ್ಸಿಲ್

ಕಣ್ಣಿಗೆ ಹಾಗೆ ಕಾಣುತ್ತದೆ ಅನ್ನುವುದರ ಮೇಲೆ ಅಂಕಿ ಬರೆಯಬೇಡಿ. 1 ಬರೆಯುವಾಗ ತಲೆಗೆ ಸಣ್ಣ ಕೊಂಡಿ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಅದೇ ಪುಟದಲ್ಲಿ ಅದೇ ಕೈ ಬರೆದ ಬೇರೆ 1, ಬೇರೆ 7 ಹುಡುಕಿ. 18,700 ರಲ್ಲಿ ಎರಡೂ ಇವೆ, ಪಕ್ಕ ಪಕ್ಕ ಇಟ್ಟು ನೋಡಿ. ಆದರೆ ಅದು ಸುಳಿವು ಮಾತ್ರ.

ಗಟ್ಟಿ ಸಾಕ್ಷಿ ಎರಡು ಕಡೆ ಸಿಗುತ್ತದೆ. ಎಡಗಡೆಯ ಕೆಳಗೆ ಒಟ್ಟು ಮೊತ್ತ ಬರೆದಿದ್ದಾರೆಯೇ? ನೆರಳು ಬಲಗಡೆ ಮಾತ್ರ ಇದೆ ಎಂದಿರಿ. ಎರಡನೆಯದು, ಆ ಸಾಲಿನ ಪಕ್ಕದ ಚಿಕ್ಕ ಕಾಲಮ್ಮಿನಲ್ಲಿ ಪುಟದ ನಂಬರ್ ಇರುತ್ತದೆ. ಆ ಮಾರಾಟ ಮೊದಲು ಮಾರಾಟ ಪುಸ್ತಕದಲ್ಲಿ ಬರೆದು ಆಮೇಲೆ ಇಲ್ಲಿಗೆ ಬಂದಿದೆ. ಆ ಪುಟದ ಫೋಟೋ ನಿಮ್ಮ ಹತ್ತಿರ ಇದೆಯೇ?

ಕಡತದ ಹುಳು

ಎಡಗಡೆ ಒಟ್ಟು ಮೊತ್ತ ಇದೆ ಸರ್, ಪೆನ್ಸಿಲ್‌ನಲ್ಲಿ 96,000. ಮಾರಾಟ ಪುಸ್ತಕದ ಪುಟವನ್ನೂ ಕೊಟ್ಟಿದ್ದಾರೆ, ನಾನು ಬೇಡದ್ದು ಅಂದುಕೊಂಡು ತೆಗೆದೇ ನೋಡಿರಲಿಲ್ಲ. ಅಲ್ಲಿ ಅದೇ ತಾರೀಖಿಗೆ 21,300 ಸ್ಪಷ್ಟವಾಗಿದೆ.

ಹಳೇ ಪೆನ್ಸಿಲ್

ಮೇಡಂ ಅನ್ನಿ, ಪರವಾಗಿಲ್ಲ :)

96,000 ರಿಂದ 32,000, 24,000, 18,700 ಕಳೆದರೆ 21,300. ಆದರೆ ಪೆನ್ಸಿಲ್ ಮೊತ್ತ ಒಂದನ್ನೇ ನಂಬಬಾರದು, ಕೂಡಿದವರೂ ತಪ್ಪು ಓದಿರಬಹುದು. ಮಾರಾಟ ಪುಸ್ತಕದಲ್ಲೂ 21,300 ಇರುವುದರಿಂದ ಈಗ ಅನುಮಾನ ಇಲ್ಲ. ಎಡಗಡೆ 96,000, ಬಲಗಡೆ 50,000. ಶಿಲ್ಕು 46,000.

ಈಗ ಈ 46,000 ಅನ್ನು ನಿಮ್ಮ ಮೂಲ ಪಟ್ಟಿಗೆ ಹಾಕಿ, ಬೇರೆ ಏನನ್ನೂ ಮುಟ್ಟದೆ ಕೂಡಿ.

ಕಡತದ ಹುಳು

ಡೆಬಿಟ್ 3,95,700. ಕ್ರೆಡಿಟ್ 3,84,800. ವ್ಯತ್ಯಾಸ 10,900, ಡೆಬಿಟ್ ಕಡೆ ಜಾಸ್ತಿ. ಮೊದಲು ತಾಳೆ ಆಗಿತ್ತು, ಈಗ ಕೆಟ್ಟುಹೋಯಿತು!

ಹಳೇ ಪೆನ್ಸಿಲ್

ಕೆಟ್ಟಿದ್ದು ಈಗ ಕಾಣಿಸಿತು, ಅಷ್ಟೇ. ನಿಮ್ಮ 35,100 ಕ್ಕೂ ನಿಜವಾದ 46,000 ಕ್ಕೂ ಇರುವ ವ್ಯತ್ಯಾಸ ಎಷ್ಟು ನೋಡಿ.

ಸಂಜೆ ಕಾಲೇಜು

10,900 ಕ್ಕೆ ನಮಗೆ ಕಲಿಸಿದ ಎರಡು ಉಪಾಯ ಹಾಕಿ ನೋಡಿದೆ. ಅರ್ಧ ಮಾಡಿದರೆ 5,450, ಆ ಅಂಕಿ ಪಟ್ಟಿಯಲ್ಲಿ ಎಲ್ಲೂ ಇಲ್ಲ. 9 ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. ಅಂದರೆ ಕಡೆ ಬದಲಾದ ತಪ್ಪೂ ಅಲ್ಲ, ಅಂಕಿ ಹಿಂದುಮುಂದಾದ ತಪ್ಪೂ ಅಲ್ಲ. ಸಸ್ಪೆನ್ಸ್ ಖಾತೆಗೆ ಕ್ರೆಡಿಟ್ 10,900 ಹಾಕಿ ಮುಗಿಸಿ, ಪರೀಕ್ಷೆಯಲ್ಲಿ ನಾವು ಹಾಗೇ ಮಾಡುತ್ತೇವೆ.

ಹಳೇ ಪೆನ್ಸಿಲ್

ಉಪಾಯ ಎರಡೂ ಸರಿ, ಆದರೆ ಒಂದೇ ತಪ್ಪು ಇದ್ದಾಗ ಮಾತ್ರ ನೇರವಾಗಿ ಕೆಲಸಕ್ಕೆ ಬರುತ್ತವೆ. ಎರಡು ತಪ್ಪು ಕೂಡಿಕೊಂಡರೆ ಮೊತ್ತದಲ್ಲಿ ಎರಡರ ಗುರುತೂ ಅಳಿಸಿಹೋಗುತ್ತದೆ. ಇಲ್ಲಿ ಒಂದು ತಪ್ಪನ್ನು ನೀವೇ ಆಗಲೇ ಹಿಡಿದಿದ್ದೀರಿ, ಖರೀದಿ ವಾಪಸ್ 3,200. ಅದು ಡೆಬಿಟ್ ಕಡೆ ಜಾಸ್ತಿ ಕೂತಿದೆ, ಕ್ರೆಡಿಟ್ ಕಡೆ ಕಮ್ಮಿಯಾಗಿದೆ, ಹಾಗಾಗಿ ವ್ಯತ್ಯಾಸಕ್ಕೆ ಎರಡು ಪಟ್ಟು, 6,400 ಕೊಡುತ್ತದೆ. ಮೊದಲು ಅದನ್ನು ತೆಗೆದು, ಉಳಿದದ್ದರ ಮೇಲೆ ನಿಮ್ಮ ಉಪಾಯ ಮತ್ತೆ ಹಾಕಿ.

ಸಸ್ಪೆನ್ಸ್ ಖಾತೆ ಇರುವುದು ಹುಡುಕಿ ಸಾಕಾಗಿ, ಗಡುವು ತಲೆ ಮೇಲೆ ಬಂದಾಗ. ಪುಟಗಳ ಫೋಟೋ ಕೈಯಲ್ಲೇ ಇಟ್ಟುಕೊಂಡು ಸಸ್ಪೆನ್ಸ್‌ಗೆ ಹಾಕುವುದು ಸೋಮಾರಿತನ, ಬೇಜಾರು ಮಾಡಿಕೊಳ್ಳಬೇಡಿ.

ನೀಲಿ ಶಾಯಿ

ನಡುವೆ ಬಾಯಿ ಹಾಕುತ್ತೇನೆ. ಫೋಟೋ ನೋಡಿ ಲೆಕ್ಕ ಬರೆಯುವ ಕಷ್ಟ ನಾನೂ ಪಟ್ಟಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಹಳೇ ದಪ್ಪ ಲೆಡ್ಜರ್, ಪುಸ್ತಕ ಪೂರ್ತಿ ಬಿಚ್ಚುತ್ತಿರಲಿಲ್ಲ, ಹೊಲಿಗೆ ಹತ್ತಿರದ ಭಾಗ ಬಾಗಿ ಒಳಗೆ ಹೋಗುತ್ತಿತ್ತು. ನನಗೆ ಬಂದದ್ದು ಫೋಟೋ ಮಾತ್ರ. ಸರಿಯಾಗಿ 1,00,000 ವ್ಯತ್ಯಾಸ. ಎರಡು ದಿನ ಎಲ್ಲ ನಮೂದನ್ನೂ ಟಿಕ್ ಹಾಕಿದೆ, ಒಂದೂ ತಪ್ಪಿಲ್ಲ. ಕೊನೆಗೆ ಪುಸ್ತಕವನ್ನೇ ತರಿಸಿ ನೋಡಿದರೆ, ಹಿಂದಿನ ಪುಟದಿಂದ ತಂದ ಮೊತ್ತ 1,12,400. ಮೊದಲ 1 ಮಡಿಕೆಯೊಳಗೆ ಹೋಗಿ ಫೋಟೋದಲ್ಲಿ 12,400 ಆಗಿತ್ತು. ಅವತ್ತಿನಿಂದ 1 ರ ಮುಂದೆ ಬರೀ ಸೊನ್ನೆ ಇರುವ ವ್ಯತ್ಯಾಸ ಬಂದರೆ ನಮೂದು ನೋಡುವ ಮೊದಲು ಪುಟದ ಅಂಚು ನೋಡುತ್ತೇನೆ, ಆಮೇಲೆ ಕೂಡುವಾಗ ದಶಕ ಬಿಟ್ಟಿದ್ದೇನಾ ನೋಡುತ್ತೇನೆ.

ಇನ್ನೊಂದು ಮಾತು. ಸ್ಕ್ಯಾನ್ ಮಾಡುವ ಆ್ಯಪಿನಲ್ಲಿ ಕಪ್ಪು ಬಿಳುಪು ಮೋಡ್ ಹಾಕಬೇಡಿ. ಅಕ್ಷರ ಚೆನ್ನಾಗಿ ಎದ್ದು ಕಾಣುತ್ತದೆ ನಿಜ, ಆದರೆ ತೆಳು ಪೆನ್ಸಿಲ್ ಮೊತ್ತ ಮಾಯವಾಗಿಬಿಡುತ್ತದೆ. ಈ 96,000 ಹಾಗೆ ಮಾಯವಾಗಿದ್ದರೆ ಏನು ಮಾಡುತ್ತಿದ್ದಿರಿ?

ಕಡತದ ಹುಳು

ನಿಜ, ನನ್ನ ಹತ್ತಿರ ಇದ್ದದ್ದು ಬಣ್ಣದ ಫೋಟೋ, ಬಚಾವ್.

ಖರೀದಿ ವಾಪಸ್ಸನ್ನು ಕ್ರೆಡಿಟ್‌ಗೆ ಹಾಕಿದೆ ಮೇಡಂ. ಡೆಬಿಟ್ 3,92,500. ಕ್ರೆಡಿಟ್ 3,88,000. ಈಗ ವ್ಯತ್ಯಾಸ 4,500.

ಸಂಜೆ ಕಾಲೇಜು

4,500! ಮಾರಾಟ ವಾಪಸ್ ಎಷ್ಟು? 4,500! ಸಿಕ್ಕಿತು ನೋಡಿ. ಅದನ್ನು ಡೆಟರ್ಸ್ ಪುಟದಲ್ಲಿ ಆಗಲೇ ಕಳೆದಿದ್ದೇವೆ, ಮತ್ತೆ ಪಟ್ಟಿಯಲ್ಲಿ ಹಾಕಿದರೆ ಎರಡು ಸಲ ಆಗುತ್ತದೆ. ಆ ಸಾಲು ಹೊಡೆದು ಹಾಕಿ, ಎರಡೂ ಕಡೆ 3,88,000.

ಕಡತದ ಹುಳು

ಹೊಡೆದು ಹಾಕಿದೆ, ತಾಳೆ ಆಯಿತು!! ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಹಳೇ ಪೆನ್ಸಿಲ್

ನಿಲ್ಲಿ ನಿಲ್ಲಿ, ಆ ಸಾಲು ವಾಪಸ್ ಬರೆಯಿರಿ.

ಗಿರಾಕಿ ಸರಕು ವಾಪಸ್ ಕೊಟ್ಟಾಗ ಎರಡು ಕಡೆ ಬರೆಯುತ್ತೇವೆ. ಡೆಟರ್ಸ್ ಖಾತೆಗೆ ಕ್ರೆಡಿಟ್ 4,500, ಮಾರಾಟ ವಾಪಸ್ ಖಾತೆಗೆ ಡೆಬಿಟ್ 4,500. ಮೊದಲನೆಯದು ನಮ್ಮ ಪುಟದ ಬಲಗಡೆ ಕಾಣುತ್ತಿದೆ. ಹಾಗಾದರೆ ಎರಡನೆಯದು ಪಟ್ಟಿಯ ಡೆಬಿಟ್ ಕಡೆ ಇರಲೇಬೇಕು. ಇದ್ದದ್ದು ಸರಿಯಾದ ಜಾಗದಲ್ಲಿ, ಸರಿಯಾದ ಅಂಕಿಯಲ್ಲಿ. ಅದೇ ಪುಟದ ಡಿಸ್ಕೌಂಟ್ 1,500 ಕೂಡ ಪಟ್ಟಿಯ ಕೊಟ್ಟ ಡಿಸ್ಕೌಂಟ್ 1,500 ಜೊತೆ ಹೀಗೇ ಕೂರುತ್ತದೆ, ಅದನ್ನು ಯಾಕೆ ಹೊಡೆದು ಹಾಕಲಿಲ್ಲ? ವ್ಯತ್ಯಾಸ 1,500 ಬಂದಿರಲಿಲ್ಲ ಎಂದು ತಾನೇ?

ವ್ಯತ್ಯಾಸಕ್ಕೆ ಸಮನಾದ ಅಂಕಿ ಪಟ್ಟಿಯಲ್ಲಿ ಸಿಕ್ಕರೆ ಅದು ಅನುಮಾನ, ಸಾಕ್ಷಿ ಅಲ್ಲ. ಮೊದಲು 35,100 ಹಾಕಿ ತಾಳೆ ಮಾಡಿದ್ದಕ್ಕೂ ಈಗ ಸಾಲು ಹೊಡೆದು ತಾಳೆ ಮಾಡಿದ್ದಕ್ಕೂ ಏನೂ ಫರಕಿಲ್ಲ.

ಸಂಜೆ ಕಾಲೇಜು

ಒಪ್ಪಿದೆ ಮೇಡಂ, ಅವಸರ ಮಾಡಿದೆ. ಹಾಗಾದರೆ 9 ರ ಉಪಾಯ? 4,500 ÷ 9 = 500, ಸರಿಯಾಗಿ ಭಾಗ ಹೋಗುತ್ತದೆ. ಯಾವುದೋ ಅಂಕಿ ಹಿಂದುಮುಂದಾಗಿದೆ. ಆದರೆ ಹದಿನಾರು ಸಾಲಿನಲ್ಲಿ ಯಾವುದು ಎಂದು ಹೇಗೆ ಹೇಳುವುದು, ಎಲ್ಲ ಪುಟ ತೆಗೆದು ನೋಡಬೇಕಾ?

ಹಳೇ ಪೆನ್ಸಿಲ್

ಬೇಡ. ಇನ್ನೊಂದು ಹೆಜ್ಜೆ ಇದೆ, ನನಗೆ ತುಂಬಾ ಇಷ್ಟವಾದದ್ದು.

ಪಕ್ಕ ಪಕ್ಕದ ಎರಡು ಅಂಕಿ ಅದಲು ಬದಲಾದರೆ, ವ್ಯತ್ಯಾಸ ಅನ್ನುವುದು ಆ ಎರಡು ಅಂಕಿಗಳ ನಡುವಿನ ಅಂತರವನ್ನು 9 ರಿಂದಲೋ 90 ರಿಂದಲೋ 900 ರಿಂದಲೋ ಗುಣಿಸಿದಷ್ಟು ಇರುತ್ತದೆ. ಬಿಡಿ ಮತ್ತು ಹತ್ತರ ಸ್ಥಾನ ಬದಲಾದರೆ 9, ಹತ್ತು ಮತ್ತು ನೂರರ ಸ್ಥಾನವಾದರೆ 90, ನೂರು ಮತ್ತು ಸಾವಿರದ ಸ್ಥಾನವಾದರೆ 900. ಈಗ 4,500 ಅಂದರೆ 900 ರ ಐದು ಪಟ್ಟು. 90 ರಿಂದ ಭಾಗಿಸಿದರೆ 50 ಬರುತ್ತದೆ, ಎರಡು ಅಂಕಿಗಳ ಅಂತರ 9 ಕ್ಕಿಂತ ಜಾಸ್ತಿ ಆಗಲು ಸಾಧ್ಯವಿಲ್ಲ, ಹಾಗಾಗಿ ಅದು ಹೋಯಿತು. ಬದಲಾಗಿರುವುದು ಸಾವಿರ ಮತ್ತು ನೂರರ ಸ್ಥಾನ. ಅಂತರ 5.

ಡೆಬಿಟ್ ಜಾಸ್ತಿ ಇದೆ. ಹಾಗಾಗಿ ಡೆಬಿಟ್ ಕಡೆ, ಸಾವಿರದ ಅಂಕಿ ನೂರರ ಅಂಕಿಗಿಂತ ಸರಿಯಾಗಿ 5 ದೊಡ್ಡದಿರುವ ಸಾಲು ಹುಡುಕಿ. ಕ್ರೆಡಿಟ್ ಕಡೆ ನೋಡುವುದಾದರೆ ಉಲ್ಟಾ, ನೂರರ ಅಂಕಿ 5 ದೊಡ್ಡದಿರಬೇಕು. ನೀವೇ ಹೇಳಿ ನೋಡೋಣ.

ಕಡತದ ಹುಳು

8,400 ರಲ್ಲಿ ಅಂತರ 4. 36,100 ರಲ್ಲಿ 6 ಮತ್ತು 1, ಅಂತರ 5! ಮುಂದೆಯೂ ನೋಡಿದೆ, 46,000 ರಲ್ಲಿ 6, 38,000 ರಲ್ಲಿ 8, 1,52,000 ರಲ್ಲಿ 2... ಬೇರೆ ಯಾವುದೂ ಇಲ್ಲ. ಕ್ರೆಡಿಟ್ ಕಡೆಯೂ ಇಲ್ಲ. ಬ್ಯಾಂಕ್ ಒಂದೇ! ಹಾಗಾದರೆ 31,600 ಇರಬೇಕು. ಬರೆದುಬಿಡಲಾ?

ಹಳೇ ಪೆನ್ಸಿಲ್

ಬರೆಯಬೇಡಿ. ಬ್ಯಾಂಕ್ ಪುಟ ತೆಗೆಯಿರಿ. ಎರಡು ತಪ್ಪು ಕೂಡಿ ಆಕಸ್ಮಿಕವಾಗಿ 4,500 ಆಗಿರಬಹುದು, ಎಲ್ಲಿ ನೋಡಬೇಕು ಎಂದು ಲೆಕ್ಕ ಹೇಳಿತು ಅಷ್ಟೇ.

ಕಡತದ ಹುಳು

ನೋಡಿದೆ. ಅಲ್ಲಿ ಬರೆದ ಶಿಲ್ಕು 31,600. ನಂಬದೆ ನಾನೇ ಕೂಡಿದೆ, ಡೆಬಿಟ್ 1,18,000, ಕ್ರೆಡಿಟ್ 86,400. ಸರಿಯಾಗಿ 31,600. ಡೆಟರ್ಸ್‌ನಿಂದ ಬಂದ 26,000, 18,000 ಎರಡೂ ಇವೆ.

ಪಟ್ಟಿ ತಿದ್ದಿದೆ. ಮಾರಾಟ ವಾಪಸ್ ಅದರ ಜಾಗದಲ್ಲೇ ಇದೆ. ಡೆಬಿಟ್ 3,88,000, ಕ್ರೆಡಿಟ್ 3,88,000. ಈ ಸಲ ಯಾವುದನ್ನೂ ಬಲವಂತವಾಗಿ ಕೂರಿಸಿಲ್ಲ.

ಒಂದು ಪ್ರಶ್ನೆ. ಈ ತಪ್ಪುಗಳಿಗೆ ಜರ್ನಲ್ ಎಂಟ್ರಿ ಬರೆಯಬೇಕಾ?

ಸಂಜೆ ಕಾಲೇಜು

ಬರೆಯಲೇಬೇಕು, ತಪ್ಪು ತಿದ್ದುವ ಎಂಟ್ರಿ ಇಲ್ಲದೆ ಅಂಕ ಕೊಡುವುದಿಲ್ಲ.

ಹಳೇ ಪೆನ್ಸಿಲ್

ತಪ್ಪು ಎಲ್ಲಾಗಿದೆ ನೋಡಿ. ಬ್ಯಾಂಕ್ ಖಾತೆಯಲ್ಲಿ 31,600 ಸರಿಯಾಗಿಯೇ ಇದೆ. ಅಲ್ಲಿಂದ ಹಾಳೆಗೆ ಇಳಿಸುವಾಗ ಕೈ ತಪ್ಪಿದೆ. ಖರೀದಿ ವಾಪಸ್ ಖಾತೆಯ ಪುಟವೂ ಇದ್ದರೆ ತೆಗೆದು ನೋಡಿ, ಅಲ್ಲಿ ಕ್ರೆಡಿಟ್ ಶಿಲ್ಕೇ ಇದ್ದರೆ ಅದೂ ಹಾಳೆಯ ತಪ್ಪು. ಪುಸ್ತಕ ಸರಿ ಇರುವಾಗ ಎಂಟ್ರಿ ಬರೆದರೆ ಸರಿ ಇದ್ದದ್ದನ್ನು ಕೆಡಿಸಿದಂತೆ. ಹಾಳೆಯಲ್ಲಿ ಒಂದು ಗೆರೆ ಎಳೆದು, ಹಳೇ ಅಂಕಿ ಓದಲು ಬರುವ ಹಾಗೇ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ. ಬಿಳಿ ಬಳಿಯಬೇಡಿ.

ಆದರೆ ಬ್ಯಾಂಕ್ ಪುಟದ ಕ್ರೆಡಿಟ್ ಕಡೆ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು. "ಖರೀದಿ ಖಾತೆ, ಮೇಜು 2" ಎಂದು 2,500. ಗಮನಿಸಿದಿರಾ?

ಕಡತದ ಹುಳು

ಗಮನಿಸಿದೆ, ಆದರೆ ಪಟ್ಟಿ ತಾಳೆ ಆಗಿದೆಯಲ್ಲ ಮೇಡಂ?

ಹಳೇ ಪೆನ್ಸಿಲ್

ತಾಳೆ ಆಗುತ್ತದೆ. 2,500 ಡೆಬಿಟ್ ಆಗಿದೆ, ಖರೀದಿ ಖಾತೆಗೋ ಪೀಠೋಪಕರಣ ಖಾತೆಗೋ ಅನ್ನುವುದು ಮೊತ್ತಕ್ಕೆ ಗೊತ್ತಾಗುವುದಿಲ್ಲ. ಬಳಸಲು ತಂದ ಮೇಜಾದರೆ ಇದು ಪುಸ್ತಕದೊಳಗಿನ ತಪ್ಪು, ಇದಕ್ಕೆ ಎಂಟ್ರಿ ಬೇಕು: ಪೀಠೋಪಕರಣಕ್ಕೆ ಡೆಬಿಟ್ 2,500, ಖರೀದಿಗೆ ಕ್ರೆಡಿಟ್ 2,500. ಪಟ್ಟಿಯಲ್ಲಿ ಖರೀದಿ 1,49,500, ಪೀಠೋಪಕರಣ 42,500. ಒಟ್ಟು ಮೊತ್ತ ಅದೇ 3,88,000. ತಿದ್ದದೆ ಬಿಟ್ಟರೆ ಲಾಭ 2,500 ಕಮ್ಮಿ ಕಾಣುತ್ತದೆ, ಆ ಮೇಜುಗಳು ಇನ್ನೂ ದಾಸ್ತಾನಿನಲ್ಲಿವೆ ಎಂದು ಯಾರೂ ಎಣಿಸುವುದಿಲ್ಲವಲ್ಲ.

ನೀಲಿ ಶಾಯಿ

ಆದರೆ ಮೇಜು ಮಾರುವುದೇ ಅವರ ವ್ಯಾಪಾರವಾದರೆ? ಆಗ ಖರೀದಿ ಖಾತೆಯೇ ಸರಿ.

ಹಳೇ ಪೆನ್ಸಿಲ್

ಅದಕ್ಕೇ "ಬಳಸಲು ತಂದ ಮೇಜಾದರೆ" ಎಂದೆ. ಎರಡೇ ಮೇಜು ಅನ್ನುವುದು ಬಳಸಲು ತಂದದ್ದು ಎಂಬ ಕಡೆಗೆ ವಾಲುತ್ತದೆ, ಅದರ ಮೇಲೆ ಎಂಟ್ರಿ ಬರೆಯುವಷ್ಟು ಧೈರ್ಯ ನನಗಿಲ್ಲ. ಪ್ರಶ್ನೆಯಲ್ಲಿ ಯಾವ ವ್ಯಾಪಾರ ಎಂದು ಹೇಳಿದ್ದಾರೆಯೇ?

ಕಡತದ ಹುಳು

ಇಲ್ಲ. ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ, "ಪುಟದ ಮೇಲೆ ಇದೆ ನೋಡು" ಎಂದು ಇಟ್ಟುಬಿಟ್ಟರು. ಖರೀದಿ ವಾಪಸ್ ಪುಟ ನೋಡಿದೆ, ಕ್ರೆಡಿಟ್ ಶಿಲ್ಕು 3,200, ಅದು ಹಾಳೆಯ ತಪ್ಪೇ.

ಹಳೇ ಪೆನ್ಸಿಲ್

ಪುಟದ ಮೇಲೆ ಅಂದರೆ ತಲೆಬರಹ ಇರಬೇಕು. ನೀವು ಇಲ್ಲಿ ಹಾಕಿದ ಫೋಟೋ ಶುರುವಾಗುವುದೇ ತಾರೀಖಿನ ಕಾಲಮ್ಮಿನಿಂದ. ಮೇಲಿನ ಭಾಗ ಕತ್ತರಿಸಿದ್ದೀರಾ?

ಕಡತದ ಹುಳು

ಅಯ್ಯೋ ಹೌದು, ಅಪ್‌ಲೋಡ್ ಮಾಡಲು ಸೈಜ್ ಜಾಸ್ತಿ ಆಯಿತೆಂದು ಕ್ರಾಪ್ ಮಾಡಿ ಹಳೆಯದನ್ನು ಅಳಿಸಿದೆ. ನಾಳೆ ಕ್ಲಾಸಿನಲ್ಲಿ ಬೇರೆಯವರ ಹತ್ತಿರ ಕೇಳಿ ನೋಡಿ ಹೇಳುತ್ತೇನೆ.